ದನ ಯಾರು ಕರೀತಿದ್ದಾರೆ ಅಕ್ಕ? ಹೇಳಿದ ಸಣ್ಣ ಮಾತನ್ನು ನೆನಪಿಟ್ಟು ಕೇಳುವ ಬಗೆ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಬೆಳಿಗ್ಗೆ ಫಾಸ್ಟ್ ಲೋಕಲ್ ರೈಲು ಹತ್ತುವ ನಮಗೆ ಮಾತಿಗೆ ಸಿಗುವ ಹೊತ್ತು ಕಡಿಮೆ. ಥಾಣೆಗೆ ಸುಮಾರು 20 ನಿಮಿಷ. ಅಲ್ಲಿ ಜನ ನುಗ್ಗಿದ ಕೂಡಲೇ ಮಾತು ಅರ್ಧಕ್ಕೆ ನಿಲ್ಲುತ್ತದೆ. ಮತ್ತೆ ಅದೇ ಮುಖ ಸಿಗುವುದು ಮರುದಿನ. ಅವರು ರಜೆ ಹಾಕಿದರೆ ಮುಂದಿನ ವಾರ. ಲೇಡೀಸ್ ಡಬ್ಬಾದ ಸ್ನೇಹ ಹೀಗೆ ತುಂಡು ತುಂಡು ಮಾತಿನಲ್ಲೇ ಬೆಳೆಯಬೇಕು. “ನಿನ್ನೆ ಏನೋ ಹೇಳ್ತಿದ್ರಲ್ಲ” ಎಂದು ಶುರು ಮಾಡುವವರು ಬಹಳ ಜನ. ಆ ‘ಏನೋ’ ಏನು ಎಂದು ಗೊತ್ತಿರುವವರು ಒಬ್ಬಿಬ್ಬರು.

ನಾನೂ ಮೊದಲ ಗುಂಪಿನವಳೇ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಲಿಫ್ಟ್‌ನಿಂದ ವಾಪಸ್ ಮನೆಗೆ ಓಡುವ ಜಾತಿ. ಹಾಗಾಗಿ ಇಲ್ಲಿ ಹೇಳುವುದು ಒಳ್ಳೆಯ ನೆನಪಿನ ಶಕ್ತಿ ಇರುವವರ ವಿದ್ಯೆ ಅಂದುಕೊಳ್ಳಬೇಡಿ. ನೆನಪು ಕೈಕೊಡುತ್ತದೆ ಎಂದು ಗೊತ್ತಿದ್ದು ಮಾಡಿಕೊಂಡ ಏರ್ಪಾಡು ಇದು. ಒಂದು ಸೋಮವಾರದಿಂದ ಶುಕ್ರವಾರದವರೆಗಿನ ಒಂದೇ ಸಂಗತಿ ಹಿಡಿದುಕೊಂಡು ಹೇಳುತ್ತೇನೆ.

ಮೊದಲು: ಕೇಳುವಾಗ ಒಂದೇ ಒಂದನ್ನು ಹಿಡಿಯಿರಿ

ಆ ಸೋಮವಾರ ನಮ್ಮ ಡಬ್ಬಾದ ಕುಂದಾಪುರದ ಅಕ್ಕನಿಗೆ ಫೋರ್ತ್ ಸೀಟ್ ಸಿಕ್ಕಿತ್ತು. ಲೋಕಲ್‌ನಲ್ಲಿ ಓಡಾಡದವರಿಗೆ ಹೇಳುವುದಾದರೆ, ಮೂವರು ಕೂರುವ ಬೆಂಚಿನ ತುದಿಯಲ್ಲಿ ನಾಲ್ಕನೆಯವರು ಅರ್ಧ ಕೂತು ಅರ್ಧ ಗಾಳಿಯಲ್ಲಿ ಇರುವ ಜಾಗ ಅದು. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು ಗವಾರ್ ಕಾಯಿ ಮುರಿಯುತ್ತ ಅಕ್ಕ ಒಂದೇ ಉಸಿರಲ್ಲಿ ಹೇಳಿದರು:

“ಬುಧವಾರ ಅಮ್ಮಂಗೆ ಕಣ್ಣಿನ ಪೊರೆ ಆಪರೇಷನ್ ಮಾರಾಯ್ತಿ. ಬಲಗಣ್ಣು. ತಮ್ಮ ಉಡುಪಿಗೆ ಕರ್ಕೊಂಡು ಹೋಗ್ತಾನೆ. ನಂಗೆ ರಜೆ ಸಿಗ್ಲಿಲ್ಲ. ಅಮ್ಮಂಗೆ ಕಣ್ಣಿನ ಚಿಂತೆ ಎಂತದೂ ಇಲ್ಲ, ದನದ್ದೇ ಚಿಂತೆ. ಬೇರೆ ಯಾರು ಹತ್ರ ಹೋದ್ರೂ ಒದೀತದೆ ಅದು.”

ಇದರಲ್ಲಿ ಐದಾರು ವಿಷಯ ಇವೆ. ಎಲ್ಲವನ್ನೂ ಹಿಡಿಯಲು ಹೋದರೆ ಒಂದೂ ಉಳಿಯುವುದಿಲ್ಲ. ನಾನು ಎರಡನ್ನು ನೋಡುತ್ತೇನೆ. ಇನ್ನೂ ನಡೆಯದೇ ಇರುವುದು ಯಾವುದು, ಯಾವತ್ತು? ಇಲ್ಲಿ ಅದು ಬುಧವಾರದ ಆಪರೇಷನ್. ಇನ್ನೊಂದು, ಯಾರೂ ಕೇಳದೇ ಅವರಾಗಿ ಹೇಳಿದ್ದು ಯಾವುದು? ಆಪರೇಷನ್ ಬಗ್ಗೆ ಹೇಳಲೇಬೇಕಿತ್ತು, ರಜೆಯ ಮಾತು ಅದರ ಹಿಂದೆಯೇ ಬಂತು. ದನದ ಸುದ್ದಿ ಹೇಳಬೇಕಾದ ಅಗತ್ಯವೇ ಇರಲಿಲ್ಲ. ಆದರೂ ಹೇಳಿದರು, ಹೇಳುವಾಗ ಕಾಯಿ ಮುರಿಯುವ ಕೈ ನಿಂತಿತು. ಮನಸ್ಸು ಎಲ್ಲಿದೆ ಎಂದು ಕೈ ಹೇಳಿಬಿಡುತ್ತದೆ. ನಾನು ಹಿಡಿದದ್ದು ದನವನ್ನು.

ಆಪರೇಷನ್ ಹೇಗಾಯಿತು ಎಂದು ಡಬ್ಬಾದಲ್ಲಿ ಎಲ್ಲರೂ ಕೇಳುತ್ತಾರೆ. ಕೇಳಬೇಕು ಕೂಡ. ಆದರೆ ಆ ಪ್ರಶ್ನೆಗೆ ಆಪರೇಷನ್ ಇದೆ ಎಂದು ಗೊತ್ತಿದ್ದರೆ ಸಾಕು, ಮಾತು ಕೇಳಿಸಿಕೊಂಡಿರಬೇಕಾಗಿಲ್ಲ.

ಇಲ್ಲಿ ಒಂದು ತೊಡಕಿದೆ. ಎದುರಿನವರು ಮಾತಾಡುವಾಗ ನಾವು ನಮ್ಮ ಸರದಿ ಕಾಯುತ್ತಿರುತ್ತೇವೆ. “ನಮ್ಮ ಅತ್ತೆಗೂ ಪೊರೆ ತೆಗೆಸಿದ್ವಿ” ಎಂದು ಹೇಳಲು ನನ್ನ ನಾಲಿಗೆ ತುದಿಗೆ ಬಂದಿತ್ತು. 1973ರಲ್ಲಿ ಬ್ರೆನರ್ ಎಂಬ ಮನಶ್ಶಾಸ್ತ್ರಜ್ಞ ಇದನ್ನೇ ಪರೀಕ್ಷಿಸಿದ. ಜನರನ್ನು ಸುತ್ತ ಕೂರಿಸಿ ಒಬ್ಬೊಬ್ಬರಾಗಿ ಪದ ಓದಿಸಿದರೆ, ತಮ್ಮ ಸರದಿಗೆ ಸ್ವಲ್ಪ ಮುಂಚೆ ಬೇರೆಯವರು ಓದಿದ ಪದಗಳೇ ಅವರಿಗೆ ಹೆಚ್ಚು ಮರೆತುಹೋಗಿದ್ದವು. ಆಮೇಲೆ ಮರೆತದ್ದಕ್ಕಿಂತ ಆಗ ತಲೆಗೇ ಇಳಿಯದೇ ಹೋದದ್ದು ಜಾಸ್ತಿ. ನಮ್ಮ ಅತ್ತೆಯ ಪೊರೆ ನನ್ನ ತಲೆಯಲ್ಲಿ ಕುಣಿಯುತ್ತಿದ್ದರೆ ಅಕ್ಕನ ದನಕ್ಕೆ ಜಾಗ ಎಲ್ಲಿ?

ಇದಕ್ಕೆ ನನಗೆ ಗೊತ್ತಿರುವ ಉಪಾಯ ಒಂದೇ. ನನ್ನ ಕತೆ ಹೇಳುವ ಮುಂಚೆ ಅವರ ಪದವನ್ನೇ ತೆಗೆದುಕೊಂಡು ಒಂದು ಪುಟ್ಟ ಪ್ರಶ್ನೆ ಕೇಳುವುದು. “ಒದೀತದಾ? ಅಷ್ಟು ಜೋರಾ?” ಇಷ್ಟು ಸಾಕು. ಬಾಯಲ್ಲಿ ಒಮ್ಮೆ ಹೊರಳಿದ ಪದ ನಿಲ್ಲುತ್ತದೆ. ಅವರಿಗೂ ಇನ್ನೊಂದು ಮಾತು ಹೇಳಲು ಜಾಗ ಸಿಗುತ್ತದೆ. ಅತ್ತೆಯ ಪೊರೆ ಇನ್ನೊಂದು ದಿನ ಹೇಳಿದರೂ ನಡೆಯುತ್ತದೆ.

ಇಳಿದ ಮೇಲೆ: ಒಮ್ಮೆ ಹೇಳಿಕೊಳ್ಳಿ, ಆಮೇಲೆ ಬರೆಯಿರಿ

ಅಕ್ಕ ದಾದರ್‌ನಲ್ಲಿ ಇಳಿಯುತ್ತಾರೆ. ನಾನು ವಿ.ಟಿ.ವರೆಗೆ ಹೋಗುವವಳು. ಹೆಸರು ಸಿಎಸ್‌ಎಂಟಿ ಎಂದು ಬದಲಾಗಿ ವರ್ಷಗಳಾದರೂ ನಮ್ಮ ಬಾಯಲ್ಲಿ ಅದು ವಿ.ಟಿ.ಯೇ. ಆ ಉಳಿದ ಕಾಲು ಗಂಟೆ ನನ್ನದು.

ಫೋನ್ ತೆಗೆಯುವ ಮುಂಚೆ ಮನಸ್ಸಿನಲ್ಲೇ ಒಮ್ಮೆ ಹೇಳಿಕೊಳ್ಳುತ್ತೇನೆ. ಯಾರು, ಏನಂದರು, ಯಾವತ್ತು. ನೋಡದೇ ಹೇಳಿಕೊಳ್ಳುವುದೇ ಮುಖ್ಯ. ಮಕ್ಕಳು ಪುಸ್ತಕ ಮುಚ್ಚಿ ಮಗ್ಗಿ ಒಪ್ಪಿಸುವ ಹಾಗೆ. ನೆನಪಿನಿಂದ ಒಮ್ಮೆ ಎಳೆದು ತಂದದ್ದು ಎರಡನೇ ಸಲ ಸುಲಭವಾಗಿ ಬರುತ್ತದೆ. ಆಮೇಲೆ ಬರೆಯುತ್ತೇನೆ.

ಸಂಜೆ ಮನೆಗೆ ಹೋಗಿ ಬರೆದರಾಯಿತು ಎಂದು ಬಿಟ್ಟರೆ ಕೆಟ್ಟಿತು. ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿ ತನ್ನ ಮೇಲೆಯೇ ಮಾಡಿಕೊಂಡ ಪ್ರಯೋಗ ಪ್ರಕಟಿಸಿದ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದ. ಮರೆವಿನ ದೊಡ್ಡ ಪಾಲು ಮೊದಲ ಒಂದು ಗಂಟೆಯಲ್ಲೇ ಆಗಿಹೋಗಿತ್ತು, ಆಮೇಲೆ ನಿಧಾನ. ಅರ್ಥ ಇರುವ ಮಾತು ಅಷ್ಟು ಬೇಗ ಹೋಗುವುದಿಲ್ಲ, ನಿಜ. ಆದರೆ ಸಂಜೆಯ ಹೊತ್ತಿಗೆ ‘ಏನೋ ಕಣ್ಣಿನ ಆಪರೇಷನ್’ ಉಳಿದಿರುತ್ತದೆ. ಬಲಗಣ್ಣೋ ಎಡಗಣ್ಣೋ, ಬುಧವಾರವೋ ಗುರುವಾರವೋ ಕಲಸಿಹೋಗಿರುತ್ತದೆ.

ನಾನು ಬರೆದದ್ದು ಹೀಗೆ:

*ಕುಂ. ಅಕ್ಕ. ಅಮ್ಮ, ಬಲಗಣ್ಣು ಪೊರೆ, ಬುಧ. ದನ ಒದೀತದೆ, ಯಾರು ಕರೆಯುವುದು? ಶುಕ್ರ ಕೇಳು, ಥಾಣೆ ಮುಂಚೆ.*

ಇದರಲ್ಲಿ ಎರಡು ವಿಷಯ ಗಮನಿಸಿ. ನಾನು ಶಿವಮೊಗ್ಗದ ಕಡೆಯವಳು. ನಮ್ಮ ಮನೆಯಲ್ಲಾದರೆ ‘ಹಸು’ ಎನ್ನುತ್ತಿದ್ದೆ. ಬರೆದದ್ದು ‘ದನ’, ಯಾಕೆಂದರೆ ಅಕ್ಕ ಹೇಳಿದ್ದು ಹಾಗೆ. ಅವರ ಪದವನ್ನೇ ಬರೆದರೆ ಶುಕ್ರವಾರ ಅವರ ಪದವೇ ನನ್ನ ಬಾಯಿಗೆ ಬರುತ್ತದೆ. “ನಿಮ್ಮ ತಾಯಿಯವರ ನೇತ್ರ ಚಿಕಿತ್ಸೆ” ಎಂದು ಬರೆದುಕೊಂಡರೆ ಕೇಳುವುದೂ ಹಾಗೇ, ಬ್ಯಾಂಕಿನವರು ಕೇಳಿದ ಹಾಗೆ.

ಇನ್ನೊಂದು, ಯಾವತ್ತು ಕೇಳಬೇಕು ಎನ್ನುವುದನ್ನೂ ಅಲ್ಲೇ ಬರೆದಿದ್ದೇನೆ. ದಿನ ಇಲ್ಲದ ಟಿಪ್ಪಣಿ ಸುಮ್ನೆ ಕೂತಿರುತ್ತದೆ. ಮೊದಮೊದಲು ನನ್ನ ಫೋನಿನಲ್ಲಿ ಅಂಥ ಸಾಲುಗಳ ಗುಡ್ಡೆಯೇ ಇತ್ತು. ಒಂದನ್ನೂ ಉಪಯೋಗಿಸಿರಲಿಲ್ಲ.

ಹೆಸರುಗಳನ್ನಂತೂ ತಪ್ಪದೇ ಬರೆಯಿರಿ. ಒಬ್ಬರ ಮಗಳು ಕಥಕ್ ಕಲಿಯುತ್ತಾಳೆ ಎನ್ನುವುದು ಬರೆಯದೇ ಉಳಿಯುತ್ತದೆ, ಅದಕ್ಕೊಂದು ಚಿತ್ರ ಇದೆ. ಆ ಮಗಳ ಹೆಸರು ಉಳಿಯುವುದಿಲ್ಲ, ಅದಕ್ಕೆ ಅಂಟಿಕೊಳ್ಳಲು ಏನೂ ಇಲ್ಲ.

ಬರೆಯಬಾರದ್ದೂ ಇದೆ. ಯಾರಾದರೂ ದನಿ ತಗ್ಗಿಸಿ ಹೇಳಿದ್ದು, ಗಂಡನ ಸಾಲ, ಮಗನ ಕುಡಿತ, ಡಾಕ್ಟರ ರಿಪೋರ್ಟು, ಇವನ್ನು ನಾನು ಫೋನಿಗೆ ಹಾಕುವುದಿಲ್ಲ. ನಮ್ಮ ಮನೆಯಲ್ಲಿ ನನ್ನ ಫೋನ್ ನನಗಿಂತ ಮಗನ ಕೈಯಲ್ಲಿ ಜಾಸ್ತಿ ಇರುತ್ತದೆ. ಅಂಥ ಮಾತು ಮರೆತರೆ ಮರೆಯಲಿ. ಹಾಗೆಯೇ ಅವರ ಎದುರಿಗೆ ಕೂತು ಬರೆಯಬೇಡಿ. ಪೊಲೀಸ್ ಪಂಚನಾಮೆ ಮಾಡಿದ ಹಾಗಿರುತ್ತದೆ.

ನೆನಪನ್ನು ಗಡಿಯಾರದ ಬದಲು ಜಾಗಕ್ಕೆ ಕಟ್ಟಿ

ಮೊದಲು ನಾನು ಅಲಾರಂ ಇಡುತ್ತಿದ್ದೆ. ಶುಕ್ರವಾರ ಬೆಳಿಗ್ಗೆ 8ಕ್ಕೆ ಎಂದು ಇಟ್ಟರೆ, 8ಕ್ಕೆ ನಾನು ಡೊಂಬಿವಲಿಯ ಬ್ರಿಡ್ಜ್ ಮೇಲೆ ಜನರ ನಡುವೆ ಇರುತ್ತೇನೆ. ಚೀಲದೊಳಗೆ ಅದು ಕೂಗಿ ಸುಮ್ಮನಾಗುತ್ತದೆ. ಬೇಕಾದದ್ದು ಅಕ್ಕ ಎದುರಿಗೆ ಕೂತಾಗ ನೆನಪಾಗುವುದು.

ಈಗ ಹೀಗೆ ಮಾಡುತ್ತೇನೆ. ಸಾಲು ಬರೆದ ಮೇಲೆ ಮನಸ್ಸಿನಲ್ಲಿ ಒಂದು ವಾಕ್ಯ ಕಟ್ಟುತ್ತೇನೆ: ‘ಅಕ್ಕ ತರಕಾರಿ ಚೀಲ ಬಿಚ್ಚಿದ ಕೂಡಲೇ ದನದ ಬಗ್ಗೆ ಕೇಳುವುದು.’ ಕಣ್ಣು ಮುಚ್ಚಿ ಒಮ್ಮೆ ಅದನ್ನು ನೋಡುತ್ತೇನೆ. ಚೀಲ, ಕೈ, ನಾನು ಕೇಳುವುದು. ಆ ಚೀಲವನ್ನು ನಾನು ದಿನಾ ನೋಡುವವಳೇ, ಹಾಗಾಗಿ ಅದು ಕಣ್ಣಿಗೆ ಬಿದ್ದಾಗ ದನವೂ ಜೊತೆಗೇ ಬರುತ್ತದೆ. ಗುರುತು ಎಷ್ಟು ಖಚಿತವಾಗಿದ್ದರೆ ಅಷ್ಟು ಒಳ್ಳೆಯದು. ‘ಅಕ್ಕ ಸಿಕ್ಕಾಗ’ ಎಂದು ಇಟ್ಟರೆ ಸಿಕ್ಕ ಗಡಿಬಿಡಿಯಲ್ಲಿ ಹಾರಿಹೋಗುತ್ತದೆ.

ದಿನಾ ಸಿಗದವರಿಗೆ ಇದು ನಡೆಯುವುದಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಿಂದ ಇರುವ ಸಂಸ್ಥೆ. ಅಲ್ಲಿ ನಾಟಕವೋ ಭಾಷಣವೋ ಇದ್ದರೆ ಹೋಗುತ್ತೇನೆ. ಅಲ್ಲಿ ಸಿಗುವವರು ಎರಡು ಮೂರು ತಿಂಗಳಿಗೊಮ್ಮೆ ಸಿಗುವವರು. ಅವರ ಸಾಲುಗಳನ್ನು ‘ಮಾಟುಂಗಾ’ ಎಂಬ ಒಂದೇ ಟಿಪ್ಪಣಿಯಲ್ಲಿ ಇಟ್ಟಿದ್ದೇನೆ. ಸ್ಲೋ ಲೋಕಲ್‌ನಲ್ಲಿ ಕುರ್ಲಾ ಬಿಟ್ಟ ಮೇಲೆ ತೆಗೆದು ಓದಿದರೆ, ಸಯನ್ ದಾಟಿ ಮಾಟುಂಗಾ ಬರುವಷ್ಟರಲ್ಲಿ ಮುಗಿಯುತ್ತದೆ. ಎಲ್ಲರನ್ನೂ ಓದುತ್ತೇನೆ, ಕೇಳುವುದು ಒಬ್ಬರನ್ನೋ ಇಬ್ಬರನ್ನೋ. ಸಿಕ್ಕ ಸಿಕ್ಕವರಿಗೆಲ್ಲ ಹಳೆಯ ವಿವರ ತೆಗೆದು ಕೇಳುತ್ತ ಹೋದರೆ ಓಟು ಕೇಳಲು ಬಂದವರ ಹಾಗೆ ಕಾಣುತ್ತದೆ.

ಕೇಳುವ ದಿನ

ಬುಧವಾರ ನಾನು ಸುಮ್ಮನಿದ್ದೆ. ಆ ದಿನ ಅಕ್ಕನ ಫೋನಿಗೆ ತಮ್ಮನದು, ಚಿಕ್ಕಮ್ಮನದು, ಊರವರದು ಕರೆ ಬರುತ್ತಲೇ ಇರುತ್ತದೆ. ಅದರ ನಡುವೆ ನಾನೂ ಒಬ್ಬಳು ಯಾಕೆ? ಗುರುವಾರ ರೈಲಿನಲ್ಲಿ ಎಲ್ಲರೂ ಕೇಳಿದರು, ಚೆನ್ನಾಗಿ ಆಯ್ತು ಎಂದು ಎಲ್ಲರಿಗೂ ಹೇಳಿ ಅಕ್ಕನಿಗೂ ಸಾಕಾಗಿತ್ತು. ಶುಕ್ರವಾರದ ಹೊತ್ತಿಗೆ ಆ ವಿಷಯ ಡಬ್ಬಾದ ಮಟ್ಟಿಗೆ ಹಳೆಯದು. ಅಕ್ಕನ ಮಟ್ಟಿಗೆ ಹೊಸದೇ. ಹೊಗೆಯ ಒಲೆ ಮುಂದೆ ಕೂರಬೇಡ, ಬಗ್ಗಿ ಭಾರ ಎತ್ತಬೇಡ, ತಲೆಗೆ ನೀರು ಹಾಕಿಕೊಳ್ಳಬೇಡ, ಹೊತ್ತು ಹೊತ್ತಿಗೆ ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೋ. ಊರಿನ ಅಮ್ಮನಿಗೆ ಇದನ್ನೆಲ್ಲ ಮುಂಬೈಯಿಂದ ಫೋನಿನಲ್ಲಿ ಹೇಳುವ ಕೆಲಸ ಆಗ ತಾನೇ ಶುರುವಾಗಿತ್ತು. ಎಲ್ಲರೂ ಕೇಳಿ ಮುಗಿಸಿದ ಮರುದಿನ ಕೇಳುವುದು ನನಗೆ ಯಾವಾಗಲೂ ಸರಿ ಎನ್ನಿಸಿದೆ.

ಚೀಲ ಬಿಚ್ಚಿದರು. ಅವತ್ತು ಅಲಸಂದೆ.

“ದನ ಯಾರು ಕರೀತಿದ್ದಾರೆ ಅಕ್ಕ?”

ಅಕ್ಕ ತಲೆ ಎತ್ತಿ ಒಂದು ಕ್ಷಣ ನೋಡಿದರು. ಆಮೇಲೆ ನಗು ಶುರುವಾಯಿತು. “ಅಯ್ಯೋ, ಅದೊಂದು ದೊಡ್ಡ ಕತೆ ಮಾರಾಯ್ತಿ. ತಮ್ಮನ ಹೆಂಡ್ತಿ ಹೋದ್ಲು, ಒದೀತು. ಚೊಂಬು ಒಂದ್ಕಡೆ, ಅವಳು ಒಂದ್ಕಡೆ. ಕಡೆಗೆ ಅಮ್ಮನ ಹಳೇ ಸೀರೆ ಉಟ್ಕೊಂಡು, ತಲೆಗೆ ಅಮ್ಮನ ಹಾಗೇ ವಸ್ತ್ರ ಕಟ್ಕೊಂಡು ಹೋದ್ಲು. ಸುಮ್ನೆ ನಿಂತಿತಂತೆ! ಅಮ್ಮ ಒಂದೇ ಕಣ್ಣಲ್ಲಿ ಜಗಲಿಯಿಂದ ನೋಡಿ ನಗಾಡಿದ್ದೇ ನಗಾಡಿದ್ದು.” ಥಾಣೆ ಬಂದದ್ದು ಗೊತ್ತಾಗಲಿಲ್ಲ.

ಆ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಅದರಲ್ಲಿ ‘ನೀವು ಸೋಮವಾರ ಹೇಳಿದ್ರಲ್ಲ, ನಾನು ನೆನಪಿಟ್ಕೊಂಡಿದ್ದೆ’ ಎನ್ನುವ ಪೀಠಿಕೆ ಇಲ್ಲ. ಅದನ್ನು ಹೇಳಿದ ಕೂಡಲೇ ಮಾತು ನನ್ನ ನೆನಪಿನ ಕಡೆ ತಿರುಗುತ್ತದೆ, ಅವರು “ಅಬ್ಬಾ, ಎಷ್ಟು ನೆನಪು ನಿಮಗೆ” ಎಂದು ನನ್ನನ್ನು ಹೊಗಳಬೇಕಾಗುತ್ತದೆ. ದನ ಹಿಂದೆ ಬೀಳುತ್ತದೆ.

‘ಎಲ್ಲ ಸರಿ ಆಯ್ತಲ್ವಾ?’ ಎಂದೂ ಕೇಳಲಿಲ್ಲ. ಅಂಥ ಪ್ರಶ್ನೆಗೆ ‘ಹೌದು’ ಒಂದೇ ಉತ್ತರ. ಸರಿ ಆಗಿರದಿದ್ದರೂ ಹೌದು ಎನ್ನಬೇಕಾಗುತ್ತದೆ. ಫಲಿತಾಂಶ ಬಿಟ್ಟು ವಸ್ತುವನ್ನೋ, ಕೆಲಸವನ್ನೋ, ಪ್ರಾಣಿಯನ್ನೋ ಕೇಳಿದರೆ ಅವರು ಎಷ್ಟು ಬೇಕೋ ಅಷ್ಟು ಹೇಳಬಹುದು. ಆಪರೇಷನ್ ಕೆಟ್ಟಿದ್ದರೂ ಅಕ್ಕ “ಪಕ್ಕದ್ಮನೆಯವರು ಕರೀತಿದ್ದಾರೆ” ಎಂದು ಹೇಳಿ ಮುಗಿಸಬಹುದಿತ್ತು. ಮಗನ ಪರೀಕ್ಷೆಯಾದರೆ ಮಾರ್ಕ್ಸ್ ಕೇಳುವ ಬದಲು “ಈಗ ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತಾನೆ?” ಎನ್ನಿ.

ವಿವರ ಪೂರ್ತಿ ನೆನಪಿಲ್ಲದಿದ್ದರೆ ಗೊತ್ತಿರುವಷ್ಟರಲ್ಲೇ ಕೇಳಿ. “ಊರಲ್ಲಿ ಏನೋ ದನದ ಪಂಚಾಯ್ತಿ ಅಂದಿದ್ರಲ್ಲ” ಎಂದರೆ ಅವರೇ ತುಂಬುತ್ತಾರೆ, ಯಾರಿಗೂ ಬೇಸರ ಇಲ್ಲ. ಊಹಿಸಿ ಖಚಿತವಾಗಿ ಹೇಳಿದರೆ ಮಾತ್ರ ಕಷ್ಟ. ಒಮ್ಮೆ ನಾನು ಒಬ್ಬರ ಮಗನ ಫ್ರ್ಯಾಕ್ಚರ್ ಬಗ್ಗೆ ಬಹಳ ಕಾಳಜಿಯಿಂದ ವಿಚಾರಿಸಿದೆ. ಅವರಿಗೆ ಮಗನೇ ಇರಲಿಲ್ಲ. ಅವರ ಪಕ್ಕ ಕೂತಿದ್ದವರ ಮಗ. ಅವತ್ತಿನಿಂದ ಟಿಪ್ಪಣಿಯ ಮೊದಲ ಪದ ಯಾವಾಗಲೂ ‘ಯಾರು’ ಎನ್ನುವುದು.

ಕೈ ಸುಟ್ಟುಕೊಂಡದ್ದು

ಆ ಫ್ರ್ಯಾಕ್ಚರ್ ನಗೆಪಾಟಲಿಗೆ ಮುಗಿಯಿತು. ಇನ್ನೊಂದು ಹಾಗಲ್ಲ.

ಒಬ್ಬ ಹುಡುಗಿ ನಮ್ಮ ಡಬ್ಬಾದಲ್ಲೇ ಬರುತ್ತಿದ್ದಳು, ಘಾಟ್ಕೋಪರ್‌ನಲ್ಲಿ ಇಳಿದು ಮೆಟ್ರೋ ಹಿಡಿಯುವವಳು. ಜನವರಿಯಲ್ಲಿ ಒಂದು ದಿನ ಖುಷಿಯಿಂದ, ಅಕ್ಷಯ ತೃತೀಯಕ್ಕೆ ನಿಶ್ಚಿತಾರ್ಥ ಎಂದಿದ್ದಳು. ಬರೆದುಕೊಂಡೆ. ನಡುವೆ ಅವಳ ಶಿಫ್ಟ್ ಬದಲಾಯಿತು, ಸಿಗಲಿಲ್ಲ. ಜೂನ್‌ನಲ್ಲಿ ಮೊದಲ ಮಳೆಯ ದಿನ ಒದ್ದೆ ಕೊಡೆ ಹಿಡಿದು ಹತ್ತಿದಳು. ನನ್ನ ಏರ್ಪಾಡು ಕೆಲಸ ಮಾಡಿತು, ನೆನಪು ಬಂದೇ ಬಂತು. ಆರು ಜನರ ಎದುರು ಕೇಳಿಬಿಟ್ಟೆ: “ಮದುವೆ ಡೇಟ್ ಫಿಕ್ಸ್ ಆಯ್ತಾ?”

“ಇಲ್ಲ ಆಂಟಿ” ಎಂದಳು. ಇಯರ್‌ಫೋನ್ ಹಾಕಿಕೊಂಡಳು. ಮುಂದಿನ ವಾರದಿಂದ ಬೇರೆ ಡಬ್ಬಾಕ್ಕೆ ಹತ್ತತೊಡಗಿದಳು. ಸಂಬಂಧ ಮುರಿದು ಎರಡು ತಿಂಗಳಾಗಿತ್ತು ಎಂದು ಆಮೇಲೆ ಗೊತ್ತಾಯಿತು.

ವಿವರ ಸರಿ ಇತ್ತು. ಹಳೆಯದಾಗಿತ್ತು. ಸೋಮವಾರದ ಮಾತನ್ನು ಶುಕ್ರವಾರ ಕೇಳುವುದಕ್ಕೂ ಐದು ತಿಂಗಳ ಮಾತನ್ನು ಇವತ್ತೇ ನಡೆಯುತ್ತಿದೆ ಎನ್ನುವ ಹಾಗೆ ಕೇಳುವುದಕ್ಕೂ ಬಹಳ ಅಂತರ. ಈಗ ಒಂದು ತಿಂಗಳಿಗಿಂತ ಹಳೆಯ ಸಾಲಾದರೆ ಮೊದಲು ಬಾಗಿಲು ಮಾತ್ರ ತೆರೆಯುತ್ತೇನೆ: “ತುಂಬ ದಿನ ಆಯ್ತಲ್ಲ, ಮನೆ ಕಡೆ ಹೇಗಿದೆ?” ಅವರು ಆ ವಿಷಯ ಎತ್ತಿದರೆ ಮಾತ್ರ ಮುಂದೆ. ಮದುವೆ, ಬಸಿರು, ಕೆಲಸ, ಕಾಯಿಲೆಯ ರಿಪೋರ್ಟು, ಈ ನಾಲ್ಕು ಎಷ್ಟೇ ಹೊಸದಾಗಿದ್ದರೂ ಗುಂಪಿನಲ್ಲಿ ನಾನಾಗಿ ಎತ್ತುವುದಿಲ್ಲ. ಹಾಗೆಯೇ ಅವರ ಬಾಯಿಂದ ನಾನು ಕೇಳಿರಬೇಕು. ಬೇರೆಯವರು ಹೇಳಿದ್ದನ್ನು ನೆನಪಿಟ್ಟು ಕೇಳಿದರೆ ಅವರ ತಲೆಯಲ್ಲಿ ಏಳುವ ಪ್ರಶ್ನೆ ಒಂದೇ, ‘ಇವರಿಗೆ ಯಾರು ಹೇಳಿದರು?’

ತಪ್ಪಿದೆ ಎಂದು ಹೇಗೆ ಗೊತ್ತಾಗುತ್ತದೆ? ಉತ್ತರ ಒಂದೇ ಪದದ್ದಾಗಿ, ಕಣ್ಣು ಕಿಟಕಿಗೋ ಫೋನಿಗೋ ಹೋದರೆ ಸಾಕು. ಆಗ “ಯಾಕೆ, ಏನಾಯ್ತು?” ಎಂದು ಇನ್ನೊಂದು ಹೆಜ್ಜೆ ಇಡಬೇಡಿ. ಸಮಾಧಾನ ಹೇಳಲೂ ಹೋಗಬೇಡಿ, ಎಲ್ಲರೂ ನೋಡುತ್ತಿರುತ್ತಾರೆ. ಮಳೆ, ಲೇಟಾದ ಲೋಕಲ್, ಏನಾದರೂ ಸರಿ, ಮಾತು ಬದಲಿಸಿ. ನಾನು ಅವತ್ತು ಅದನ್ನೂ ಮಾಡಲಿಲ್ಲ, ಬಾಯಿ ತೆರೆದುಕೊಂಡು ಕೂತಿದ್ದೆ.

ಕೇಳದೇ ಇರುವ ವಿವರಗಳು

ಕೆಲವು ವಿವರ ಬಾಯಲ್ಲಿ ಆಡುವಂಥವಲ್ಲ. ನಮ್ಮ ಬಿಲ್ಡಿಂಗ್‌ನಲ್ಲಿ ಧಾರವಾಡದ ಕಾಕು ಒಬ್ಬರಿದ್ದಾರೆ. ಒಮ್ಮೆ ಮೆಟ್ಟಿಲ ಹತ್ತಿರ, “ಕೆಳಗ ಕುಂತ್ರ ಏಳೂದ ದೊಡ್ಡ ಕೆಲಸ ಆಗೇದ್ರೀ” ಎಂದಿದ್ದರು. ಸಂಕ್ರಾಂತಿಯಿಂದ ರಥಸಪ್ತಮಿವರೆಗೆ ಇಲ್ಲಿ ಮನೆ ಮನೆಯಲ್ಲಿ ಹಳದಿ-ಕುಂಕುಮ ನಡೆಯುತ್ತದೆ, ಎಲ್ಲರೂ ಚಾಪೆ ಮೇಲೆ ಕೂರುತ್ತಾರೆ. ನಮ್ಮ ಮನೆಯ ಸರದಿ ಬಂದಾಗ ಗೋಡೆ ಪಕ್ಕ ಎರಡು ಕುರ್ಚಿ ಇಟ್ಟೆ. ಒಂದರಲ್ಲಿ ನಮ್ಮ ಅತ್ತೆಯನ್ನು ಮೊದಲೇ ಕೂರಿಸಿದೆ. “ಕಾಕು, ಅತ್ತೆ ಒಬ್ಬರೇ ಕೂತಿದ್ದಾರೆ, ಅವರ ಜೊತೆ ಕೂತ್ಕೊಳ್ಳಿ” ಎಂದೆ. “ನಿಮಗೆ ಮಂಡಿ ನೋವು ಅಂದಿದ್ರಲ್ಲ” ಎಂದು ಹದಿನೈದು ಜನರ ಎದುರು ಹೇಳಿದ್ದರೆ ಕಾಕು ಹಟಕ್ಕೆ ಬಿದ್ದು ಚಾಪೆ ಮೇಲೆಯೇ ಕೂರುತ್ತಿದ್ದರು, ನನಗೆ ಗೊತ್ತು. ನೋವು, ಪಥ್ಯ, ಹಣದ ಇಕ್ಕಟ್ಟು, ಹೆದರಿಕೆ ಇವೆಲ್ಲ ಈ ಲೆಕ್ಕಕ್ಕೆ ಸೇರಿದವು. ಒಂದೇ ಕುರ್ಚಿ ಇಟ್ಟಿದ್ದರೂ ತಪ್ಪಾಗುತ್ತಿತ್ತು.

ಕೇಳಿದ ಮೇಲೆ

ಕೇಳಿ ಉತ್ತರ ಸಿಕ್ಕ ಸಾಲನ್ನು ಅವತ್ತೇ ಅಳಿಸಿ. ಇಲ್ಲದಿದ್ದರೆ ಎರಡು ವಾರ ಬಿಟ್ಟು ಅದನ್ನೇ ಮತ್ತೆ ಕೇಳುತ್ತೀರಿ. ಅಲ್ಲಿಗೆ ಮೊದಲನೆಯ ಸಲದ ಬೆಲೆಯೂ ಹೋಯಿತು. ಆದರೆ ಅಳಿಸುವ ಮುಂಚೆ ಉತ್ತರದ ಕೊನೆಯ ತುಂಡನ್ನು ನೋಡಿ, ಮುಂದಿನದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಶುಕ್ರವಾರ ಥಾಣೆಯಲ್ಲಿ ಜನ ನುಗ್ಗುವಾಗ ಅಕ್ಕ ಅಲಸಂದೆ ಚೀಲ ಎದೆಗೆ ಹಿಡಿದುಕೊಂಡು, ಯಾರದೋ ಭುಜದ ಮೇಲಿಂದ ಕೂಗಿ ಹೇಳಿದ್ದರು. ದಾದರ್ ದಾಟಿದ ಮೇಲೆ ಬರೆದೆ:

*ಕುಂ. ಅಕ್ಕ. ಅಮ್ಮ, ಎಡಗಣ್ಣು, ದೀಪಾವಳಿ ಕಳೆದು. ಆಗ ದನ ಗಬ್ಬ. ಸೀರೆ ಈಗ ತಮ್ಮನ ಹೆಂಡತಿ ಹತ್ತಿರವೇ?*